ಒಂದು ಗಂಟೆಯ ಮೀಟಿಂಗ್ ಮಾತಿನಿಂದ ಅರ್ಧ ಪುಟದ ತೀರ್ಮಾನಪಟ್ಟಿ ತೆಗೆಯುವುದು ಹೇಗೆ?

ವಾರದ ಮೀಟಿಂಗ್ ಮುಗಿದಿದೆ. ಟ್ರಾನ್ಸ್‌ಕ್ರಿಪ್ಟ್ ನಿಮ್ಮ ಇನ್‌ಬಾಕ್ಸ್‌ಗೆ ಬಂದು ಬಿದ್ದಿದೆ, ಇಪ್ಪತ್ತು ಪುಟ. ಅದರಲ್ಲಿ ಅರ್ಧ ಮಾತು ಪೂರ್ತಿಯಾಗಿಲ್ಲ, ಕಾಲು ಭಾಗ ತಮಾಷೆ, ಒಂದೇ ವಿಷಯ ಮೂರು ಕಡೆ ಬಂದುಹೋಗಿದೆ. ಇದರಿಂದ ‘ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಯಾವಾಗ’ ಎಂಬ ಅರ್ಧ ಪುಟವನ್ನು ತೆಗೆಯಬೇಕು. ಅದನ್ನು ಮಾಡುವ ಒಂದು ಕ್ರಮವನ್ನು ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಇಲ್ಲಿ ನಮಗೆ ಬೇಕಿರುವುದು ಮೀಟಿಂಗಿನ ಸಾರಾಂಶ ಅಲ್ಲ. ಸಾರಾಂಶದಲ್ಲಿ ಯಾರು ಏನು ಹೇಳಿದರು ಎಂದು ಇರುತ್ತದೆ. ತೀರ್ಮಾನಪಟ್ಟಿಯಲ್ಲಿ ಅದು ಬೇಡ. ಒಬ್ಬರು ಹತ್ತು ನಿಮಿಷ ಎಷ್ಟು ಚೆನ್ನಾಗಿ ವಾದ ಮಾಡಿದ್ದರೂ, ಅದರಿಂದ ನಾಳೆಯ ಕೆಲಸದಲ್ಲಿ ಏನೂ ಬದಲಾಗದಿದ್ದರೆ ಅದು ಪಟ್ಟಿಗೆ ಬರುವುದಿಲ್ಲ.

ಮೊದಲು ಓದುವಂತೆ ಮಾಡಿಕೊಳ್ಳಿ

ಜೂಮ್‌ನ ಟ್ರಾನ್ಸ್‌ಕ್ರಿಪ್ಟ್ .vtt ಫೈಲ್ ಆಗಿ ಬರುತ್ತದೆ. ಟೀಮ್ಸ್‌ನಲ್ಲಿ .docx ಅಥವಾ .vtt ಎರಡರಲ್ಲಿ ಒಂದನ್ನು ಇಳಿಸಿಕೊಳ್ಳಬಹುದು. ಗೂಗಲ್ ಮೀಟ್ ಒಂದು ಗೂಗಲ್ ಡಾಕ್ ಮಾಡಿಡುತ್ತದೆ. .vtt ಅಂದರೆ ಗಾಬರಿ ಬೇಡ, ಅದು ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲಿಯೇ ತೆರೆಯುತ್ತದೆ. ಅದರಲ್ಲಿ ಒಬ್ಬರ ಒಂದೇ ಮಾತು ಮೂರ್ನಾಲ್ಕು ತುಂಡಾಗಿರುತ್ತದೆ. ಆ ತುಂಡುಗಳನ್ನು ಸೇರಿಸಿಕೊಳ್ಳಿ. ಆದರೆ ಸಮಯದ ಗುರುತನ್ನು ಮಾತ್ರ ಅಳಿಸಬೇಡಿ. ಕೊನೆಗೆ ‘ನಾನು ಹಾಗೆ ಹೇಳಿಯೇ ಇಲ್ಲ’ ಎಂದು ಯಾರಾದರೂ ಅಂದಾಗ ನಿಮ್ಮನ್ನು ಕಾಪಾಡುವುದು ಅದೇ.

ಇನ್ನೊಂದು ವಿಷಯ ಗಮನಿಸಿ. ನಾಲ್ಕು ಜನ ಒಂದೇ ಕೋಣೆಯಲ್ಲಿ ಕೂತು ಒಂದೇ ಮೈಕಿನಲ್ಲಿ ಮಾತಾಡಿದ್ದರೆ, ನಾಲ್ವರ ಮಾತೂ ಒಂದೇ ಹೆಸರಿನಲ್ಲಿ ಬಿದ್ದಿರಬಹುದು. ಅಂಥ ಕಡೆ ‘ನಾನು ಮಾಡ್ತೀನಿ’ ಎಂದವರು ಯಾರು ಎಂದು ಊಹಿಸಬೇಡಿ. ಅಲ್ಲೊಂದು ಪ್ರಶ್ನೆ ಗುರುತು ಹಾಕಿ ಮುಂದೆ ಹೋಗಿ. ಮತ್ತೆ, ಈ ಕೆಲಸವನ್ನು ಮೀಟಿಂಗ್ ಆದ ದಿನವೇ ಮಾಡುವುದು ಒಳ್ಳೆಯದು. ಎರಡು ದಿನ ಬಿಟ್ಟರೆ ಬರಹದಲ್ಲಿ ಕಾಣದ ಧಾಟಿ ನಿಮಗೂ ಮರೆತುಹೋಗಿರುತ್ತದೆ, ಹೇಳಿದವರಿಗೂ ಮರೆತಿರುತ್ತದೆ.

ಉದಾಹರಣೆಯ ಮೀಟಿಂಗ್

ಇದು ನಾನೇ ಕಟ್ಟಿದ ಮಾತುಕತೆ. ಒಂದು ವೆಬ್‌ಸೈಟ್ ನಡೆಸುವ ಚಿಕ್ಕ ತಂಡ. ಲತಾ ತಂಡದ ಮುಖ್ಯಸ್ಥೆ, ಕಿರಣ್ ಕೋಡ್ ಬರೆಯುವವರು, ಮಧು ಪರೀಕ್ಷೆ ಮಾಡುವವರು, ಫಾತಿಮಾ ಬಳಕೆದಾರರಿಗೆ ಹೋಗುವ ಬರಹ ನೋಡಿಕೊಳ್ಳುವವರು. ಸುರೇಶ್ ಅವತ್ತು ಮೀಟಿಂಗಿಗೆ ಬಂದಿರಲಿಲ್ಲ. ಮೀಟಿಂಗ್ ನಡೆದದ್ದು ಜೂನ್ 11, ಬುಧವಾರ. ಒಂದು ಗಂಟೆಯ ಮಾತಿನಲ್ಲಿ ನಮಗೆ ಬೇಕಾದ ತುಂಡುಗಳು ಇವು:

08:12 ಲತಾ: ಹೊಸ ಫಾರ್ಮ್ ಗುರುವಾರ ಲೈವ್ ಮಾಡೋಣ, ಏನಂತೀರಿ?
08:20 ಕಿರಣ್: ಆಯ್ತು, ಗುರುವಾರ.
08:31 ಮಧು: ಫೋನಲ್ಲಿ ಇನ್ನೂ ಟೆಸ್ಟ್ ಮಾಡಿಲ್ಲ. ನೋಡ್ತೀನಿ.

21:40 ಫಾತಿಮಾ: ಈಗಿರೋ ಬಳಕೆದಾರರಿಗೆ ಮೊದಲೇ ಒಂದು ಮೇಲ್ ಹೋಗ್ಬೇಕಲ್ವಾ?
21:52 ಲತಾ: ಹೋಗ್ಬೇಕು, ಹೋಗ್ಬೇಕು. ಯಾರಾದ್ರೂ ಅದನ್ನ ನೋಡ್ಕೊಳ್ಳಿ.
22:05 ಫಾತಿಮಾ: ನಾನು ಬರೆದು ಕೊಡ್ತೀನಿ. ಆದ್ರೆ ಎಲ್ಲರಿಗೂ ಕಳಿಸೋ ಪರ್ಮಿಷನ್ ನನ್ನ ಹತ್ರ ಇಲ್ಲ.
22:11 ಲತಾ: ಅದು ಸುರೇಶ್ ಮಾಡ್ತಾರೆ ಬಿಡಿ.

39:15 ಮಧು: ಗುರುವಾರ ಕಷ್ಟ ಇದೆ. ಫೋನಲ್ಲಿ ಫೈಲ್ ಅಪ್‌ಲೋಡ್ ಆಗ್ತಿಲ್ಲ.
39:30 ಲತಾ: ಹಾಗಾದ್ರೆ ಮುಂದಿನ ಸೋಮವಾರ?
39:34 ಮಧು: ಆಗುತ್ತೆ.
39:41 ಕಿರಣ್: ಹಳೇ ಫಾರ್ಮ್ ಈಗಲೇ ತೆಗೆಯೋದು ಬೇಡ. ಒಂದು ವಾರ ಎರಡೂ ಇರಲಿ.
39:50 ಲತಾ: ಸರಿ, ಹಾಗೇ ಮಾಡಿ.

51:02 ಕಿರಣ್: ಆ ವಾರದ ವರದಿ ಯಾರೂ ಓದಲ್ಲ, ನಿಲ್ಲಿಸಿಬಿಡೋಣ್ವಾ?
51:12 ಲತಾ: (ನಗು) ನೋಡೋಣ.

ವಿಷಯದ ಪ್ರಕಾರ ಕತ್ತರಿಸಿ

ಟ್ರಾನ್ಸ್‌ಕ್ರಿಪ್ಟನ್ನು ಮೇಲಿನಿಂದ ಕೆಳಗೆ ಓದುತ್ತಾ, ಓದುತ್ತಾ ತೀರ್ಮಾನ ಬರೆದುಕೊಂಡು ಹೋದರೆ ‘ಹೊಸ ಫಾರ್ಮ್ ಗುರುವಾರ ಲೈವ್’ ಎಂಬುದು ನಿಮ್ಮ ಮೊದಲ ಸಾಲಾಗುತ್ತದೆ. ಅದಕ್ಕೆ ಒಪ್ಪಿಗೆಯೂ ಸಿಕ್ಕಿದೆ, ‘ಆಯ್ತು’ ಅಂದಿದ್ದಾರೆ. ಮೂವತ್ತು ನಿಮಿಷ ಕಳೆದ ಮೇಲೆ ಅದು ಬಿದ್ದುಹೋಗಿದ್ದು ನಿಮ್ಮ ಗಮನಕ್ಕೆ ಬಾರದೇ ಹೋಗಬಹುದು. ಬಂದರೂ, ಪಟ್ಟಿಯಲ್ಲಿ ಗುರುವಾರ ಒಂದು ಸಾಲು, ಸೋಮವಾರ ಒಂದು ಸಾಲು ಎಂದು ಎರಡೂ ಉಳಿದುಬಿಡಬಹುದು.

ಅದಕ್ಕೇ ಮೊದಲ ಓದಿನಲ್ಲಿ ಏನನ್ನೂ ತೀರ್ಮಾನ ಎಂದು ಬರೆಯಬೇಡಿ. ಬರೀ ವಿಷಯದ ಹೆಸರನ್ನು ಅಂಚಿನಲ್ಲಿ ಗುರುತು ಮಾಡುತ್ತಾ ಹೋಗಿ: ಲೈವ್ ದಿನ, ಮೇಲ್, ಹಳೇ ಫಾರ್ಮ್, ವರದಿ. ಆಮೇಲೆ ಒಂದೊಂದು ವಿಷಯದ ತುಂಡುಗಳನ್ನು ಒಂದು ಕಡೆ ಅಂಟಿಸಿ. ‘ಲೈವ್ ದಿನ’ದ ಕೆಳಗೆ 08:12ರ ತುಂಡೂ ಬರುತ್ತದೆ, 39:15ರದ್ದೂ ಬರುತ್ತದೆ. ಈಗ ಎರಡೂ ಒಂದರ ಪಕ್ಕ ಒಂದು ಕಾಣುತ್ತವೆ.

ಯಾವ ತುಂಡೂ ತಪ್ಪಿಹೋಗಿಲ್ಲ ಎಂದು ನೋಡಲು Ctrl+F ಒತ್ತಿ ಆ ವಿಷಯದ ಎರಡು ಮೂರು ಹೆಸರು ಹುಡುಕಿ. ಜನ ಒಂದೇ ವಸ್ತುವನ್ನು ಒಮ್ಮೆ ‘ಫಾರ್ಮ್’ ಎನ್ನುತ್ತಾರೆ, ಒಮ್ಮೆ ‘ಹೊಸ ಪೇಜ್’ ಎನ್ನುತ್ತಾರೆ, ಇನ್ನೊಮ್ಮೆ ‘ಅದು’ ಎನ್ನುತ್ತಾರೆ. ‘ಅದು’ ಹುಡುಕಿ ಪ್ರಯೋಜನವಿಲ್ಲ ಬಿಡಿ. ಅದಕ್ಕೆ ಕಣ್ಣಿನಿಂದಲೇ ಓದಬೇಕು.

ಕೊನೆಯಿಂದ ಹಿಂದಕ್ಕೆ ಓದಿ

ಪ್ರತಿ ವಿಷಯದಲ್ಲೂ ಕೊನೆಯ ತುಂಡಿನಿಂದ ಶುರು ಮಾಡಿ. ಕೊನೆಗೆ ನಿಂತ ಮಾತು ಯಾವುದು? ಅದನ್ನು ಆಮೇಲೆ ಯಾರೂ ಅಲ್ಲಾಡಿಸಲಿಲ್ಲವೇ? ಆಮೇಲೆ ಹಿಂದಕ್ಕೆ ಹೋಗಿ, ಆ ಮಾತು ಯಾವ ಮಾತನ್ನು ರದ್ದು ಮಾಡಿತು ಎಂದು ನೋಡಿ.

ಲೈವ್ ದಿನದಲ್ಲಿ ಕೊನೆಗೆ ನಿಂತದ್ದು ಸೋಮವಾರ. ಹಿಂದಕ್ಕೆ ಓದಿದಾಗ ಗುರುವಾರ ಸಿಗುತ್ತದೆ, ಅದು ರದ್ದಾಗಿದೆ. ಈ ರದ್ದಾದ ಮಾತನ್ನೂ ಪಟ್ಟಿಯಲ್ಲಿ ಒಂದು ಪದದಲ್ಲಿ ಹೇಳಿಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೀಟಿಂಗಿನ ಮಧ್ಯೆ ಬೇರೆ ಕಾಲ್ ಬಂತೆಂದು ಹೊರಗೆ ಹೋದವರು ಯಾರಾದರೂ ಇದ್ದರೆ, ಅವರ ತಲೆಯಲ್ಲಿ ಇನ್ನೂ ಗುರುವಾರವೇ ಇರುತ್ತದೆ.

ಈಗ ಮುಖ್ಯ ಪ್ರಶ್ನೆ. ಅದು ನಿಜವಾಗಿ ತೀರ್ಮಾನವೇ? ನಾನು ಎರಡು ವಿಷಯ ನೋಡುತ್ತೇನೆ. ಆ ಮಾತಿನಿಂದ ಯಾರಾದರೂ ನಾಳೆಯಿಂದ ಬೇರೆ ಥರ ಕೆಲಸ ಮಾಡುತ್ತಾರೆಯೇ? ಅದನ್ನು ಮುಗಿಸಿದವರಿಗೆ ಹಾಗೆ ಮುಗಿಸುವ ಅಧಿಕಾರ ಇತ್ತೇ? ಎರಡಕ್ಕೂ ಹೌದು ಎಂದಾದರೆ ತೀರ್ಮಾನ. ಮೊದಲನೆಯದಕ್ಕೆ ಮಾತ್ರ ಹೌದು ಎಂದಾದರೆ ಅದು ತೆರೆದ ಪ್ರಶ್ನೆ, ಅಧಿಕಾರ ಇರುವವರಿಗೆ ಹೋಗಬೇಕು. ಮೊದಲನೆಯದಕ್ಕೇ ಇಲ್ಲ ಎಂದಾದರೆ ಅದು ಬರೀ ಮಾತು.

ಹೀಗೆ ನೋಡುವಾಗ ನಮ್ಮ ಮಾತಿನ ಕೆಲವು ಪದಗಳು ಕಾಲಿಗೆ ಸಿಕ್ಕಿಕೊಳ್ಳುತ್ತವೆ. ‘ಮಾಡೋಣ’ ಎಂದಾಗ ಎಲ್ಲರೂ ಸೇರಿದಂತೆ ಕೇಳಿಸುತ್ತದೆ, ಆದರೆ ಕೆಲಸ ಯಾರ ಮೇಲೂ ಬಿದ್ದಿರುವುದಿಲ್ಲ. ‘ನೋಡ್ತೀನಿ’ ಎಂದವರು ಒಪ್ಪಿಕೊಂಡಿರಬಹುದು, ಮಾತು ತಪ್ಪಿಸಿಕೊಂಡಿರಲೂಬಹುದು. ಮಧು 08:31ರಲ್ಲಿ ‘ನೋಡ್ತೀನಿ’ ಎಂದಾಗ ಅವರಿಗೆ ಗುರುವಾರದ ಬಗ್ಗೆ ಅನುಮಾನ ಇತ್ತು ಎಂದು 39:15ಕ್ಕೆ ಗೊತ್ತಾಗುತ್ತದೆ. ‘ಹ್ಞೂಂ’ ಎಂಬುದು ಎಷ್ಟೋ ಸಲ ‘ಕೇಳಿಸ್ತಾ ಇದೆ, ಮುಂದೆ ಹೇಳಿ’ ಎಂದಷ್ಟೇ. ‘ನೋಡೋಣ’ವಂತೂ ನಯವಾಗಿ ಬೇಡ ಎನ್ನುವ ರೀತಿಯೂ ಹೌದು. ವಾರದ ವರದಿ ನಿಲ್ಲಿಸುವ ವಿಷಯಕ್ಕೆ ಲತಾ ನಕ್ಕು ‘ನೋಡೋಣ’ ಎಂದರು. ಇದನ್ನು ‘ವರದಿ ನಿಲ್ಲಿಸಲಾಗುವುದು’ ಎಂದು ಬರೆದರೆ ಅನಾಹುತ. ಕಿರಣ್ ಮುಂದಿನ ವಾರ ವರದಿ ಮಾಡುವುದೇ ಇಲ್ಲ, ಅದನ್ನು ಓದುವ ಒಬ್ಬರೇ ಒಬ್ಬರು ಫೋನ್ ಮಾಡುತ್ತಾರೆ.

‘ಆಯ್ತು’, ‘ಸರಿ’ ಎಂಬ ಪದಗಳ ಮುಂದೆ ಏನಿದೆ ನೋಡಿ. ‘ಸರಿ, ಹಾಗೇ ಮಾಡಿ’ ಎಂದರೆ ಮುಗಿಯಿತು. ‘ಸರಿ, ಆದ್ರೆ…’ ಎಂದರೆ ಇನ್ನೂ ಮುಗಿದಿಲ್ಲ.

ಆಯ್ದ ಜಾಗಗಳಲ್ಲಿ ರೆಕಾರ್ಡಿಂಗ್ ಕೇಳಿ

ಪೂರ್ತಿ ರೆಕಾರ್ಡಿಂಗ್ ಕೇಳಲು ಹೋಗಬೇಡಿ, ಅದಕ್ಕಿಂತ ಮೀಟಿಂಗ್ ಮತ್ತೊಮ್ಮೆ ಮಾಡುವುದೇ ವಾಸಿ. ಆದರೆ ತೀರ್ಮಾನ ಎಂದು ನೀವು ಗುರುತಿಸಿದ ಜಾಗಗಳನ್ನು ಮಾತ್ರ, ಅರ್ಧ ನಿಮಿಷ ಹಿಂದಿನಿಂದ ಕೇಳಿ. ತಾನಾಗಿಯೇ ಬರೆದುಕೊಳ್ಳುವ ಟ್ರಾನ್ಸ್‌ಕ್ರಿಪ್ಟ್ ಮೂರು ಜಾಗದಲ್ಲಿ ಹೆಚ್ಚು ತಪ್ಪುತ್ತದೆ: ಹೆಸರು, ಅಂಕಿ, ಇಲ್ಲ–ಬೇಡ. ಕನ್ನಡದಲ್ಲಿ ‘ಇಲ್ಲ’ ಎಂಬುದು ಮಾತಿನ ಬಾಲದಲ್ಲಿ ಬರುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಮಾತು ಶುರು ಮಾಡಿರುತ್ತಾರೆ. ‘ತೆಗೆಯೋದು ಬೇಡ’ದಲ್ಲಿ ಕೊನೆಯ ಪದ ಹಾರಿಹೋದರೆ ಅರ್ಥವೇ ತಲೆಕೆಳಗಾಗುತ್ತದೆ.

ನಮ್ಮ ಉದಾಹರಣೆಯಲ್ಲಿ 39:34 ಅನ್ನು ಕೇಳಿದಾಗ ಒಂದು ವಿಷಯ ಸಿಕ್ಕಿತು ಎಂದುಕೊಳ್ಳಿ. ಬರಹದಲ್ಲಿ ‘ಆಗುತ್ತೆ’ ಎಂದಷ್ಟೇ ಇದೆ. ಮಧು ಹೇಳಿದ್ದು ‘ಆಗುತ್ತೆ, ಅಪ್‌ಲೋಡ್ ಸರಿಹೋದ್ರೆ’ ಎಂದು. ಕಿರಣ್ ಮಧ್ಯೆ ಬಾಯಿ ಹಾಕಿದ್ದರಿಂದ ಎರಡನೇ ಭಾಗ ಬರಹಕ್ಕೆ ಬರಲೇ ಇಲ್ಲ. ಈಗ ತೀರ್ಮಾನಕ್ಕೆ ಒಂದು ಷರತ್ತು ಸೇರಿತು. ಷರತ್ತು ಸೇರಿದ ಕೂಡಲೇ ಇನ್ನೊಂದು ತೂತು ಕಾಣುತ್ತದೆ: ಅಪ್‌ಲೋಡ್ ಸರಿಮಾಡುವವರು ಯಾರು? ಒಂದು ಗಂಟೆಯ ಮೀಟಿಂಗಿನಲ್ಲಿ ಅದನ್ನು ಯಾರೂ ಹೇಳಿಲ್ಲ. ಕಿರಣ್ ಕೋಡ್ ಬರೆಯುವವರು ಎಂದು ಎಲ್ಲರೂ ಅವರೇ ಮಾಡುತ್ತಾರೆ ಎಂದುಕೊಂಡಿದ್ದಾರೆ. ಕಿರಣ್ ಏನಂದುಕೊಂಡಿದ್ದಾರೋ ಗೊತ್ತಿಲ್ಲ.

ಹೊಣೆಗೆ ಒಂದೇ ಹೆಸರು

ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು ಇರಬೇಕು. ‘ಕಿರಣ್ ಮತ್ತು ಮಧು’ ಎಂದು ಬರೆದರೆ ಕಿರಣ್ ಮಧುವನ್ನು ಕಾಯುತ್ತಾರೆ, ಮಧು ಕಿರಣ್‌ರನ್ನು ಕಾಯುತ್ತಾರೆ. ‘ತಂಡ’ ಎಂದು ಬರೆದರೆ ಕಾಯುವವರೂ ಇರುವುದಿಲ್ಲ. ಕೆಲಸವನ್ನು ನಾಲ್ಕು ಜನ ಸೇರಿ ಮಾಡಲಿ, ತೊಂದರೆ ಇಲ್ಲ. ‘ಆಯಿತಾ?’ ಎಂದು ಕೇಳಿದರೆ ಉತ್ತರ ಕೊಡಬೇಕಾದವರು ಒಬ್ಬರೇ, ಹೊಣೆ ಎಂದರೆ ಅಷ್ಟೇ.

ಹೆಸರು ಹುಡುಕುವಾಗ ಮೂರು ಥರದ ಪುರಾವೆ ಸಿಗುತ್ತದೆ, ಅವುಗಳ ತೂಕ ಬೇರೆ ಬೇರೆ. ಫಾತಿಮಾ ‘ನಾನು ಬರೆದು ಕೊಡ್ತೀನಿ’ ಎಂದರು. ತಾವೇ ಬಾಯಿಬಿಟ್ಟು ಒಪ್ಪಿಕೊಂಡದ್ದು, ಇದಕ್ಕಿಂತ ಗಟ್ಟಿ ಇಲ್ಲ. ಎದುರಿಗೆ ಇರುವವರಿಗೆ ‘ನೀವು ಮಾಡಿ’ ಎಂದು ಹೇಳಿ, ಅವರು ‘ಸರಿ’ ಎಂದರೆ ಅದೂ ನಡೆಯುತ್ತದೆ. ಆದರೆ ಸುರೇಶ್ ವಿಷಯ ನೋಡಿ. ಅವರು ಮೀಟಿಂಗಿನಲ್ಲಿ ಇಲ್ಲವೇ ಇಲ್ಲ. ‘ಸುರೇಶ್ ಮಾಡ್ತಾರೆ ಬಿಡಿ’ ಎಂದು ಲತಾ ಹೇಳಿದ್ದನ್ನು ಹಾಗೇ ಪಟ್ಟಿಗೆ ಹಾಕಿದರೆ, ಇಲ್ಲದವರ ತಲೆಗೆ ಕೆಲಸ ಕಟ್ಟಿದಂತಾಗುತ್ತದೆ. ಅವರ ಹೆಸರಿನ ಮುಂದೆ ‘ಒಪ್ಪಿಗೆ ಬೇಕು’ ಎಂದು ಬರೆಯಿರಿ.

39:50ರ ‘ಹಾಗೇ ಮಾಡಿ’ ಇನ್ನೊಂದು ಥರ. ಹಳೇ ಫಾರ್ಮ್ ಒಂದು ವಾರ ಇರಬೇಕು, ಸರಿ. ವಾರ ಕಳೆದ ಮೇಲೆ ತೆಗೆಯುವವರು ಯಾರು? ‘ಮಾಡಿ’ ಎಂದದ್ದು ಕಿರಣ್‌ಗೋ, ಎಲ್ಲರಿಗೋ? ಸಲಹೆ ಕೊಟ್ಟವರೇ ಹೊಣೆಗಾರರು ಎಂದು ನೀವೇ ನಿರ್ಧರಿಸಿಬಿಡಬೇಡಿ. ಪಟ್ಟಿ ಬರೆಯುವವರ ಕೈಯಲ್ಲಿ ಈ ಒಂದು ಅಧಿಕಾರ ಗೊತ್ತಿಲ್ಲದೇ ಬಂದುಬಿಡುತ್ತದೆ, ಅದನ್ನು ಬಳಸದೇ ಇರುವುದು ಕಷ್ಟ.

ದಿನಕ್ಕೆ ತಾರೀಕು

‘ನಾಳೆ’, ‘ಈ ವಾರದೊಳಗೆ’, ‘ಮುಂದಿನ ಸೋಮವಾರ’ ಯಾವುದೂ ಪಟ್ಟಿಯಲ್ಲಿ ಹಾಗೇ ಇರಬಾರದು. ಜೂನ್ 11ರ ಬುಧವಾರ ‘ಮುಂದಿನ ಸೋಮವಾರ’ ಎಂದರೆ ಕೆಲವರಿಗೆ 16, ಕೆಲವರಿಗೆ 23. ಗುರುವಾರ ಕಷ್ಟ ಎಂದು ಸ್ವಲ್ಪ ಮುಂದೂಡಿದ ಮಾತು ಇದು, ಹಾಗಾಗಿ 16 ಎಂದೇ ತೋರುತ್ತದೆ. ಆದರೂ ಅದನ್ನು ಲತಾ ಅವರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು.

ಕೆಲವು ಕೆಲಸಗಳಿಗೆ ಮೀಟಿಂಗಿನಲ್ಲಿ ದಿನವೇ ಹೇಳಿರುವುದಿಲ್ಲ. ಮೇಲ್ ಯಾವಾಗ ಹೋಗಬೇಕು ಎಂದು ಯಾರೂ ಹೇಳಲಿಲ್ಲ. ಆದರೆ ‘ಮೊದಲೇ’ ಎಂದಿದ್ದಾರೆ. 16ಕ್ಕೆ ಲೈವ್ ಎಂದಾದರೆ ನಡುವೆ ಶನಿವಾರ, ಭಾನುವಾರ ಬರುತ್ತವೆ, ಹಾಗಾಗಿ 13 ಶುಕ್ರವಾರದೊಳಗೆ ಕಳಿಸಬೇಕು, ಬರಹ 12ಕ್ಕೆ ಸಿದ್ಧವಿರಬೇಕು. ಹೀಗೆ ನೀವು ಲೆಕ್ಕ ಹಾಕಿದ ತಾರೀಕಿಗೆ ಪ್ರಶ್ನೆ ಗುರುತು ಇಡಿ. ಹೇಳಿದ ತಾರೀಕು ಮತ್ತು ನೀವು ಊಹಿಸಿದ ತಾರೀಕು ನೋಡಲು ಒಂದೇ ಥರ ಇರಬಾರದು.

ಮೊದಲ ಕರಡು

ಇಷ್ಟಾದ ಮೇಲೆ ಬರೆಯುವುದಕ್ಕೆ ಹತ್ತು ನಿಮಿಷ ಸಾಕು. ನಮ್ಮ ಕರಡು ಹೀಗಿರುತ್ತದೆ:

ತೀರ್ಮಾನ
1. ಹೊಸ ಫಾರ್ಮ್ ಜೂನ್ 16, ಸೋಮವಾರ (?) ಲೈವ್ ಆಗುತ್ತದೆ, ಗುರುವಾರ ಅಲ್ಲ. ಷರತ್ತು: ಫೋನಿನಲ್ಲಿ ಫೈಲ್ ಅಪ್‌ಲೋಡ್ ಸರಿಹೋಗಿರಬೇಕು. [39:30]
2. ಲೈವ್ ಆದ ಮೇಲೆ ಒಂದು ವಾರ ಹಳೇ ಫಾರ್ಮ್ ಕೂಡ ಇರುತ್ತದೆ. [39:41]

ಕೆಲಸ
3. ಬಳಕೆದಾರರಿಗೆ ಮೇಲ್ ಬರೆಯುವುದು: ಫಾತಿಮಾ, ಜೂನ್ 12 (?) [22:05]
4. ಮೇಲ್ ಕಳಿಸುವುದು: ಸುರೇಶ್, ಒಪ್ಪಿಗೆ ಬೇಕು, ಜೂನ್ 13 (?) [22:11]
5. ಅಪ್‌ಲೋಡ್ ತೊಂದರೆ ಸರಿಮಾಡುವುದು: ಹೆಸರಿಲ್ಲ
6. ಹಳೇ ಫಾರ್ಮ್ ತೆಗೆಯುವುದು: ಹೆಸರಿಲ್ಲ, ಜೂನ್ 23 (?)

ತೀರ್ಮಾನವಾಗಿಲ್ಲ
7. ವಾರದ ವರದಿ ನಿಲ್ಲಿಸುವ ಮಾತು ಬಂತು. ಸದ್ಯಕ್ಕೆ ಮುಂದುವರಿಯುತ್ತದೆ. [51:02]

ಏಳನೇ ಸಾಲಿನ ‘ಸದ್ಯಕ್ಕೆ ಮುಂದುವರಿಯುತ್ತದೆ’ ಎಂಬುದನ್ನು ಬಿಡಬೇಡಿ. ತೀರ್ಮಾನವಾಗದ ವಿಷಯದಲ್ಲಿ ಅಲ್ಲಿಯವರೆಗೆ ಏನು ಮಾಡಬೇಕು ಎಂದು ಬರೆಯದಿದ್ದರೆ, ಪ್ರತಿಯೊಬ್ಬರೂ ತಮಗೆ ಬೇಕಾದಂತೆ ತಿಳಿದುಕೊಳ್ಳುತ್ತಾರೆ.

ಪಟ್ಟಿ ಹದಿನೈದು ಸಾಲು ದಾಟಿದರೆ ಎಲ್ಲೋ ಬರೀ ಮಾತು ಒಳಗೆ ಬಂದಿದೆ ಎಂದೇ ಅರ್ಥ ಮಾಡಿಕೊಳ್ಳಿ. ‘ಚರ್ಚಿಸಲಾಯಿತು’, ‘ಗಮನಿಸಲಾಯಿತು’, ‘ಒತ್ತು ನೀಡಲಾಯಿತು’ ಎಂದು ಮುಗಿಯುವ ಸಾಲುಗಳನ್ನು ಹುಡುಕಿ. ಅವುಗಳನ್ನು ತೆಗೆದರೆ ಸಾಮಾನ್ಯವಾಗಿ ಏನೂ ಕಳೆದುಹೋಗುವುದಿಲ್ಲ.

ಎಲ್ಲರಿಗೂ ಕಳಿಸುವ ಮೊದಲು

ಈ ಕರಡನ್ನು ಎಲ್ಲರಿಗೂ ಕಳಿಸಿ ‘ತಪ್ಪಿದ್ದರೆ ತಿಳಿಸಿ’ ಎಂದರೆ ಯಾರೂ ತಿಳಿಸುವುದಿಲ್ಲ. ಅದರ ಬದಲು ಪ್ರಶ್ನೆ ಗುರುತು ಇರುವ, ಹೆಸರಿಲ್ಲದ ಸಾಲುಗಳನ್ನು ಮಾತ್ರ, ಆಯಾ ವ್ಯಕ್ತಿಗೆ, ಹೌದು–ಇಲ್ಲ ಎನ್ನಬಹುದಾದ ಹಾಗೆ ಕೇಳಿ.

ಲತಾ ಅವರಿಗೆ: ‘ಮೇಡಂ, ಮುಂದಿನ ಸೋಮವಾರ ಅಂದರೆ ಜೂನ್ 16 ತಾನೆ?’ ಕಿರಣ್‌ಗೆ: ‘ಫೋನಿನ ಅಪ್‌ಲೋಡ್ ತೊಂದರೆ ನಿಮ್ಮ ಹೆಸರಿಗೆ ಹಾಕಲೇ? ಹಳೇ ಫಾರ್ಮ್ 23ಕ್ಕೆ ತೆಗೆಯುವುದೂ ನಿಮ್ಮದೇ ಅಲ್ವಾ?’ ಸುರೇಶ್‌ಗೆ ಸ್ವಲ್ಪ ಹಿನ್ನೆಲೆ ಬೇಕು: ‘ಇವತ್ತಿನ ಮೀಟಿಂಗಿನಲ್ಲಿ ಹೊಸ ಫಾರ್ಮ್ ಬಗ್ಗೆ ಬಳಕೆದಾರರಿಗೆ ಮೇಲ್ ಕಳಿಸುವುದು ನೀವು ಎಂದು ಮಾತಾಯಿತು. ಬರಹ ಫಾತಿಮಾ ಕೊಡುತ್ತಾರೆ. ಶುಕ್ರವಾರ 13ಕ್ಕೆ ಆಗುತ್ತದೆಯೇ?’

ಉತ್ತರ ಬಂತು ಎಂದುಕೊಳ್ಳೋಣ. ಲತಾ ಹೌದು ಎಂದರು. ಕಿರಣ್ ಎರಡನ್ನೂ ಒಪ್ಪಿಕೊಂಡರು, ಅಪ್‌ಲೋಡ್ 13ಕ್ಕೆ ಮುಗಿಸುತ್ತೇನೆ ಎಂದರು. ಸುರೇಶ್ ಶುಕ್ರವಾರ ರಜೆಯಲ್ಲಿದ್ದಾರೆ. ಇದು ಬುಧವಾರವೇ ಗೊತ್ತಾದದ್ದು ಒಳ್ಳೆಯದಾಯಿತು. ಲತಾ ಅವರನ್ನು ಮತ್ತೆ ಕೇಳಿದಾಗ ತಾವೇ ಕಳಿಸುವುದಾಗಿ ಹೇಳಿದರು. ನಾಲ್ಕನೇ ಸಾಲಿನಲ್ಲಿ ಈಗ ‘ಲತಾ (ಮೀಟಿಂಗಿನ ನಂತರ ಬದಲಾಗಿದೆ)’ ಎಂದು ಬರೆಯುತ್ತೀರಿ. ಬದಲಾದದ್ದನ್ನು ಹೀಗೆ ಗುರುತು ಮಾಡದಿದ್ದರೆ, ಟ್ರಾನ್ಸ್‌ಕ್ರಿಪ್ಟ್ ತೆಗೆದು ನೋಡಿದವರಿಗೆ ನಿಮ್ಮ ಪಟ್ಟಿಯೇ ತಪ್ಪು ಎನಿಸುತ್ತದೆ.

ಯಾರಾದರೂ ಉತ್ತರಿಸದಿದ್ದರೆ? ಸುಮ್ಮನಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದು ಹೊಣೆಯ ವಿಷಯದಲ್ಲಿ ತಿಳಿಯಬೇಡಿ. ಆ ಸಾಲು ‘ಒಪ್ಪಿಗೆ ಬೇಕು’ ಎಂದೇ ಹೋಗಲಿ. ಎಲ್ಲರ ಎದುರು ಹಾಗೆ ಕಾಣುವುದರಿಂದ ಉತ್ತರ ಬೇಗ ಬರುತ್ತದೆ ಕೂಡ.

ಕೊನೆಯ ಪಟ್ಟಿಯನ್ನು ಇಮೇಲ್‌ನ ಒಳಗೇ ಅಂಟಿಸಿ, ಲಗತ್ತು ಮಾಡಬೇಡಿ. ಲಗತ್ತನ್ನು ತೆರೆಯುವವರು ಕಡಿಮೆ. ಟ್ರಾನ್ಸ್‌ಕ್ರಿಪ್ಟನ್ನಂತೂ ಜೊತೆಗೆ ಕಳಿಸಲೇಬೇಡಿ. ಮೀಟಿಂಗ್ ಶುರುವಾಗುವ ಮೊದಲಿನ ಮನೆಮಾತು, ಯಾರದೋ ಆರೋಗ್ಯದ ವಿಚಾರ, ಇಲ್ಲದವರ ಬಗ್ಗೆ ಆಡಿದ ಮಾತು ಎಲ್ಲವೂ ಅದರಲ್ಲಿ ಇರುತ್ತದೆ. ಅದು ಮೀಟಿಂಗಿನಲ್ಲಿ ಇದ್ದವರಿಗೆ ಮಾತ್ರ ಸಿಗುವ ಜಾಗದಲ್ಲಿರಲಿ, ನಿಮ್ಮ ಸಂಸ್ಥೆಯ ನಿಯಮದಂತೆ ಸಮಯ ಮುಗಿದಾಗ ಅಳಿಸಿ.

ಮುಂದಿನ ಬುಧವಾರದ ಮೀಟಿಂಗನ್ನು ಇದೇ ಪಟ್ಟಿ ತೆರೆದು ಶುರು ಮಾಡಿ: ಮೂರರಿಂದ ಐದನೇ ಸಾಲಿನವರೆಗೆ ಆಯಿತೇ ಇಲ್ಲವೇ, ಆರನೇ ಸಾಲು 23ಕ್ಕೆ ಆಗುತ್ತದೆಯೇ, ಏಳನೇ ಸಾಲಿಗೆ ಉತ್ತರ ಏನು. ಅಲ್ಲಿ ಯಾರಾದರೂ ‘ಹಳೇ ಫಾರ್ಮ್ ಇರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ’ ಎಂದರೆ, ಎರಡನೇ ಸಾಲನ್ನು ಇನ್ನೂ ಸ್ಪಷ್ಟವಾಗಿ ಬರೆಯಬೇಕಿತ್ತು ಎಂದರ್ಥ. ‘ಇದನ್ನ ಕಳೆದ ವಾರವೇ ಮಾತಾಡಿದ್ವಲ್ಲ’ ಎಂದು ಶುರುವಾಗಿ ಮತ್ತೆ ಅರ್ಧ ಗಂಟೆ ಹೋದರೆ, ಆ ವಿಷಯದಲ್ಲಿ ತೀರ್ಮಾನ ಆಗಿರಲೇ ಇಲ್ಲ, ಆಗಿದೆ ಎಂದು ಪಟ್ಟಿ ಬರೆದವರು ತಿಳಿದುಕೊಂಡಿದ್ದರು. ಆ ಸಮಯದ ಗುರುತಿಗೆ ಹೋಗಿ ರೆಕಾರ್ಡಿಂಗ್ ಮತ್ತೆ ಕೇಳಿ. ಸಾಮಾನ್ಯವಾಗಿ ಅಲ್ಲೊಂದು ‘ಸರಿ, ಆದ್ರೆ…’ ಸಿಗುತ್ತದೆ.